ಲ್ಯಾಬ್ ಫೋಲ್ಡರ್ ನೋಡಿದರೆ ಸಾಕು, ಬರೆಯುವ ಹಕ್ಕು ಬೇಡ: ಮನವಿ ಹೇಗೆ ಬರೆಯುವುದು?

ಪ್ರಶ್ನೆ: ನಾನು ಖಾಸಗಿ ಪ್ರೌಢಶಾಲೆಯೊಂದರಲ್ಲಿ 9 ಮತ್ತು 10ನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪ್ರಯೋಗಗಳ ಸೂಚನೆ, ಹಿಂದಿನ ವರ್ಷಗಳ ಅಳತೆ, ಸಾಮಗ್ರಿ ಪಟ್ಟಿ ಎಲ್ಲವೂ ಲ್ಯಾಬ್ ಸರ್ವರ್‌ನ ಒಂದು ಫೋಲ್ಡರಿನಲ್ಲಿವೆ. ನನಗೆ ತೆರೆದು ನೋಡಿದರೆ ಸಾಕು. ಕೈತಪ್ಪಿ ಏನಾದರೂ ಅಳಿಸಿಬಿಟ್ಟರೆ ಎಂಬ ಭಯ ಇದ್ದೇ ಇದೆ. ಕಂಪ್ಯೂಟರ್ ವಿಭಾಗದವರಿಗೆ "ಲ್ಯಾಬ್ ಫೋಲ್ಡರಿಗೆ ಆಕ್ಸೆಸ್ ಕೊಡಿ ಸರ್, ಓದಲು ಮಾತ್ರ" ಎಂದು ಮೂರು ಸಲ ಬರೆದೆ. "ಆಗಿದೆ ಮೇಡಂ" ಎಂದರು. ಆದರೆ ಒಂದು ದಿನ ತೆರೆಯುತ್ತದೆ, ಇನ್ನೊಂದು ದಿನ ಇಲ್ಲ. ತೆರೆದ ದಿನ ಹೊಸ ಫೈಲ್ ಉಳಿಸುವುದಕ್ಕೂ ಬರುತ್ತದೆ! ತಪ್ಪು ನನ್ನ ಸಂದೇಶದಲ್ಲಿದೆಯೇ? ಹೇಗೆ ಬರೆದರೆ ಅವರಿಗೆ ಸರಿಯಾಗಿ ತಿಳಿಯುತ್ತದೆ?

ಉತ್ತರ: ಫೋಲ್ಡರ್ ತೆರೆದ ದಿನ ನೀವು ಯಾವ ಕಂಪ್ಯೂಟರಿನ ಮುಂದೆ ಕುಳಿತಿದ್ದಿರಿ, ತೆರೆಯದ ದಿನ ಯಾವುದರ ಮುಂದೆ? ಸ್ವಲ್ಪ ನೆನಪು ಮಾಡಿಕೊಳ್ಳಿ. ತೆರೆದದ್ದು ಲ್ಯಾಬಿನ ಕಂಪ್ಯೂಟರಿನಲ್ಲಿ, ತೆರೆಯದಿದ್ದದ್ದು ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಎಂದು ನನ್ನ ಬಲವಾದ ಅನುಮಾನ. ಹಾಗಿದ್ದರೆ ನಿಮಗೆ ಇಂದಿನವರೆಗೂ ಅನುಮತಿಯೇ ಸಿಕ್ಕಿಲ್ಲ. ಸಿಕ್ಕಿರುವುದು ಲ್ಯಾಬಿನ ಯಂತ್ರಗಳಿಗೆ.

ನಮ್ಮ ಶಾಲೆಗಳ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಇಪ್ಪತ್ತೋ ಮೂವತ್ತೋ ಕಂಪ್ಯೂಟರುಗಳು, ಎಲ್ಲದಕ್ಕೂ `student` ಅಥವಾ `lab` ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಬೆಳಿಗ್ಗೆ ಯಾರೋ ಎಲ್ಲವನ್ನೂ ಚಾಲೂ ಮಾಡಿ ಲಾಗಿನ್ ಆಗಿ ಹೋಗಿರುತ್ತಾರೆ. ಮಕ್ಕಳು ತಮ್ಮ ಕೆಲಸವನ್ನು ಉಳಿಸಬೇಕಲ್ಲ, ಹಾಗಾಗಿ ಆ ಹೆಸರಿಗೆ ಸರ್ವರ್‌ನಲ್ಲಿ ಬರೆಯುವ ಹಕ್ಕೂ ಇರುತ್ತದೆ. ನೀವು ಅಲ್ಲಿ ಹೋಗಿ ಕುಳಿತಾಗ ಸರ್ವರ್‌ಗೆ ಕಾಣುವುದು ವಿಜ್ಞಾನದ ಟೀಚರ್ ಅಲ್ಲ, `student`. ಬಾಗಿಲಲ್ಲಿ ಕುಳಿತವನು ಮುಖ ನೋಡುವುದಿಲ್ಲ, ಕೈಯಲ್ಲಿರುವ ಚೀಟಿಯನ್ನಷ್ಟೇ ನೋಡುತ್ತಾನೆ. ನಿಮ್ಮ ಸಂದೇಶದಲ್ಲಿ "ಲ್ಯಾಬ್ ಫೋಲ್ಡರಿಗೆ" ಎಂದಿತ್ತು, "ಯಾರಿಗೆ" ಎಂಬುದು ಇರಲಿಲ್ಲ. ಬಹುಶಃ ಅವರು ಲ್ಯಾಬಿನ ಹೆಸರಿಗೆ ಆ ಫೋಲ್ಡರನ್ನೂ ತೆರೆದುಕೊಟ್ಟು "ಆಗಿದೆ" ಎಂದಿದ್ದಾರೆ. ಅವರ ದೃಷ್ಟಿಯಲ್ಲಿ ನಿಜವಾಗಿಯೂ ಆಗಿದೆ. ಜೊತೆಗೆ, ನೀವು ಅಳಿಸಿಬಿಡಬಹುದೆಂದು ಹೆದರಿದ್ದ ಫೈಲುಗಳನ್ನು ಈಗ ಲ್ಯಾಬಿಗೆ ಬರುವ ಯಾವ ಹುಡುಗನೂ ಅಳಿಸಬಹುದು.

ಇದು ಊಹೆಯಾಗಿ ಉಳಿಯಬೇಕಿಲ್ಲ. ಎರಡೂ ಕಂಪ್ಯೂಟರುಗಳಲ್ಲಿ ಸ್ಟಾರ್ಟ್ ಮೆನುವಿನಲ್ಲಿ `cmd` ಎಂದು ಟೈಪ್ ಮಾಡಿ ಕಪ್ಪು ಕಿಟಕಿಯನ್ನು ತೆರೆಯಿರಿ. ಅದರಲ್ಲಿ ಇವೆರಡನ್ನು ಒಂದರ ನಂತರ ಒಂದು ಕೊಡಿ:

```
whoami
cmdkey /list
```

ಮೊದಲನೆಯದು ಆ ಕಂಪ್ಯೂಟರಿನಲ್ಲಿ ಈಗ ಯಾರ ಹೆಸರಿನಲ್ಲಿ ಲಾಗಿನ್ ಆಗಿದೆ ಎಂದು ಹೇಳುತ್ತದೆ. `labpc07\student` ಎಂಬಂಥದ್ದು ಬಂದರೆ ಮೇಲೆ ಹೇಳಿದ ಕಥೆ ಖಚಿತ. ಎರಡನೆಯದು ಸರ್ವರ್‌ಗೆ ತೋರಿಸುವುದಕ್ಕೆಂದು ಆ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಬೇರೆ ಹೆಸರುಗಳಿದ್ದರೆ ಅವನ್ನು ತೋರಿಸುತ್ತದೆ. ಪಾಸ್‌ವರ್ಡನ್ನು ತೋರಿಸುವುದಿಲ್ಲ, ಆ ಹೆದರಿಕೆ ಬೇಡ. ಎರಡೂ ಕಡೆ ಬಂದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಮುಂದಿನ ಸಂದೇಶದ ಅರ್ಧ ಕೆಲಸವನ್ನು ಆ ಚೀಟಿಯೇ ಮಾಡುತ್ತದೆ.

ಇನ್ನು ಸಂದೇಶ. ಸರ್ವರ್ ನೋಡಿಕೊಳ್ಳುವವನಿಗೆ ಬೇಕಾದದ್ದು ಐದು ಸಂಗತಿ: ಯಾವ ಫೋಲ್ಡರ್, ಯಾರಿಗೆ, ಏನು ಮಾಡಲು, ಎಲ್ಲಿಯವರೆಗೆ, ಯಾರು ಒಪ್ಪಿದ್ದಾರೆ. ಇದರಲ್ಲಿ ಒಂದು ತಪ್ಪಿದರೂ ಅವನು ನಿಮಗೆ ಫೋನ್ ಮಾಡಿ ಕೇಳಬೇಕು, ಇಲ್ಲವೇ ತಾನೇ ಊಹಿಸಿಕೊಳ್ಳಬೇಕು. ಬೆಳಿಗ್ಗೆಯಿಂದ ಪ್ರಿಂಟರ್ ಕಾಗದ ಸಿಕ್ಕಿಕೊಂಡ ದೂರು ಹನ್ನೆರಡು ಕೇಳಿದವನು ಫೋನ್ ಮಾಡುವುದಿಲ್ಲ, ಊಹಿಸುತ್ತಾನೆ. ನಾನೂ ಊಹಿಸಿದವನೇ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಬರೆಯುತ್ತಿದ್ದೆ:

> ವಿಷಯ: `\\LABSRV\Lab\Vijnana` ಫೋಲ್ಡರನ್ನು ಓದಲು ಮಾತ್ರ ಅನುಮತಿ, ಮಾರ್ಚ್ 31ರವರೆಗೆ
>
> ಸರ್, ನಮಸ್ಕಾರ.
>
> 10ನೇ ತರಗತಿಯ ಪ್ರಯೋಗಗಳಿಗಾಗಿ ನನಗೆ ಮೇಲಿನ ಫೋಲ್ಡರ್ ಮತ್ತು ಅದರೊಳಗಿನ ಎಲ್ಲವನ್ನೂ ತೆರೆದು ಓದಲು, ನನ್ನ ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳಲು ಅನುಮತಿ ಬೇಕು. ಬದಲಿಸುವ, ಹೊಸದಾಗಿ ಉಳಿಸುವ, ಅಳಿಸುವ ಹಕ್ಕು ಬೇಡ. ಒಳಗಿರುವ `Anka` ಫೋಲ್ಡರ್ (ಅಂಕಪಟ್ಟಿ) ನನಗೆ ಬೇಕಾಗಿಲ್ಲ.
>
> ಅನುಮತಿ ನನ್ನ ಸ್ವಂತ ಹೆಸರು `vij_teacher1`ಗೆ ಇರಲಿ. ಲ್ಯಾಬಿನ `student` ಹೆಸರಿಗೆ ಬೇಡ. ನಾನು ತೆರೆಯುವುದು ಸ್ಟಾಫ್ ರೂಮಿನ ಎರಡನೆಯ ಕಂಪ್ಯೂಟರಿನಲ್ಲಿ.
>
> ಈಗ ಅಲ್ಲಿ "You do not have permission to access" ಎಂದು ಬರುತ್ತಿದೆ. ಆದರೆ ಲ್ಯಾಬಿನ ಏಳನೆಯ ಕಂಪ್ಯೂಟರಿನಲ್ಲಿ `student` ಹೆಸರಿನಲ್ಲಿ ಅದೇ ಫೋಲ್ಡರ್ ತೆರೆಯುತ್ತದೆ, ಅದರಲ್ಲಿ ಬರೆಯುವುದಕ್ಕೂ ಆಗುತ್ತಿದೆ. ಅದನ್ನು ಒಮ್ಮೆ ನೋಡಬೇಕೆಂದು ಕೋರಿಕೆ.
>
> ಫೋಲ್ಡರಿನ ಹೊಣೆ ಹೊತ್ತಿರುವ ಲ್ಯಾಬ್ ಉಸ್ತುವಾರಿಯವರು ಒಪ್ಪಿದ್ದಾರೆ. ಅವರಿಗೂ ಮುಖ್ಯೋಪಾಧ್ಯಾಯರಿಗೂ ಈ ಸಂದೇಶದ ಪ್ರತಿ ಕಳುಹಿಸಿದ್ದೇನೆ. ಪರೀಕ್ಷಿಸಿ ನೋಡಲು ಫೋಲ್ಡರಿನಲ್ಲಿ `test.txt` ಎಂಬ ಒಂದು ಖಾಲಿ ಫೈಲ್ ಇಟ್ಟರೆ ಅನುಕೂಲ. ಬುಧವಾರ ಮೂರನೆಯ ಅವಧಿಗೆ ಇದು ಬೇಕಾಗಿದೆ.

ಹೆಸರುಗಳನ್ನು ನಿಮ್ಮ ಶಾಲೆಯದಕ್ಕೆ ಬದಲಿಸಿಕೊಳ್ಳಿ. ಫೋಲ್ಡರಿನ ದಾರಿಯನ್ನು ಮಾತ್ರ ಕೈಯಿಂದ ಟೈಪ್ ಮಾಡಬೇಡಿ. ತೆರೆಯುವ ಕಂಪ್ಯೂಟರಿನಲ್ಲಿ ಆ ಫೋಲ್ಡರಿಗೆ ಹೋಗಿ, ಮೇಲಿನ ವಿಳಾಸಪಟ್ಟಿಯ ಮೇಲೆ ಒತ್ತಿ, ಬಂದದ್ದನ್ನು ಹಾಗೆಯೇ ಪ್ರತಿ ಮಾಡಿ ಅಂಟಿಸಿ. ಅಲ್ಲಿ `L:\Vijnana` ಎಂದು ಬಂದರೆ ಅದು ಸಾಲದು. `L:` ಎನ್ನುವುದು ಆ ಒಂದು ಕಂಪ್ಯೂಟರ್ ಇಟ್ಟುಕೊಂಡ ಅಡ್ಡಹೆಸರು. ಪಕ್ಕದ ಕಂಪ್ಯೂಟರಿನಲ್ಲಿ ಅದೇ ಅಕ್ಷರ ಬೇರೆ ಫೋಲ್ಡರಿಗೆ ಇರಬಹುದು. `net use` ಎಂದು ಕೊಟ್ಟರೆ ಯಾವ ಅಕ್ಷರದ ಹಿಂದೆ ಯಾವ ನಿಜವಾದ ದಾರಿ ಇದೆ ಎಂಬುದು ಪಟ್ಟಿಯಾಗಿ ಬರುತ್ತದೆ.

ಪರದೆಯ ಮೇಲೆ ಬಂದ ತಪ್ಪಿನ ಮಾತನ್ನು ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯುವುದಕ್ಕೂ ಕಾರಣವಿದೆ. "ತೆರೆಯುತ್ತಿಲ್ಲ" ಎಂದರೆ ಹತ್ತು ಕಾರಣ ಇರಬಹುದು. ಅನುಮತಿ ಇಲ್ಲ ಎಂಬ ಮಾತು ಬಂದರೆ ಹಕ್ಕಿನ ತೊಂದರೆ. "No more connections can be made to this remote computer" ಎಂದು ಬಂದರೆ ಅದು ಬೇರೆಯೇ ವಿಷಯ. ಎಷ್ಟೋ ಶಾಲೆಗಳಲ್ಲಿ ಸರ್ವರ್ ಎಂದು ಕರೆಯುವುದು ಸಾಮಾನ್ಯ ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರನ್ನೇ. ಅದು ಏಕಕಾಲಕ್ಕೆ 20 ಸಂಪರ್ಕಗಳನ್ನು ಮಾತ್ರ ಒಪ್ಪುತ್ತದೆ. ಮೂವತ್ತು ಮಕ್ಕಳ ತರಗತಿ ನಡೆಯುತ್ತಿರುವಾಗ ನೀವು ಸ್ಟಾಫ್ ರೂಮಿನಿಂದ ತೆರೆಯಲು ಹೋದರೆ ಜಾಗ ಇರುವುದಿಲ್ಲ. ಅನುಮತಿ ಎಷ್ಟು ಸರಿಪಡಿಸಿದರೂ ಅದು ಸರಿಹೋಗದು.

ಲ್ಯಾಬ್ ಉಸ್ತುವಾರಿಯವರ ಒಪ್ಪಿಗೆಯ ಸಾಲನ್ನು ಔಪಚಾರಿಕತೆ ಎಂದು ಬಿಡಬೇಡಿ. ಸರ್ವರ್ ನೋಡಿಕೊಳ್ಳುವವನ ಕೈಯಲ್ಲಿ ಬೀಗದ ಕೈ ಇದೆಯೇ ಹೊರತು ಒಳಗಿನ ಸಾಮಾನು ಅವನದಲ್ಲ. ಒಡೆಯರು ಹೂಂ ಎಂದದ್ದು ಬರಹದಲ್ಲಿದ್ದರೆ ಅವನು ಐದು ನಿಮಿಷದಲ್ಲಿ ಮಾಡಿ ಮುಗಿಸುತ್ತಾನೆ. ಇಲ್ಲದಿದ್ದರೆ "ನೋಡೋಣ ಮೇಡಂ" ಎಂಬಲ್ಲಿ ನಿಲ್ಲುತ್ತದೆ. ನಿಮ್ಮ ಪಾಸ್‌ವರ್ಡನ್ನು ಮಾತ್ರ ಸಂದೇಶದಲ್ಲಿ ಬರೆಯಬೇಡಿ. ಅನುಮತಿ ಕೊಡಲು ಅವರಿಗೆ ಅದು ಬೇಕಾಗುವುದೇ ಇಲ್ಲ.

ಈಗ ಆ ಕಡೆ ಏನಾಗುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ನೀವು ಮಾಡಬೇಕಾದ ಕೆಲಸ ಇದಲ್ಲ. ಆದರೆ "ಆಗಿದೆ" ಎಂದವರು ಏನು ಮಾಡಿರಬಹುದು ಎಂದು ಗೊತ್ತಿದ್ದರೆ ಎಲ್ಲಿ ಎಡವಿದ್ದಾರೆ ಎಂದು ನೀವೇ ಹೇಳಬಲ್ಲಿರಿ.

ವಿಂಡೋಸ್ ಸರ್ವರ್‌ನಲ್ಲಿ ಹಂಚಿಕೊಂಡ ಫೋಲ್ಡರಿಗೆ ಎರಡು ಬಾಗಿಲುಗಳಿವೆ. ಹೊರಬಾಗಿಲು ಹಂಚಿಕೆಯ ಅನುಮತಿ, `Sharing` ಎಂಬ ಪುಟದಲ್ಲಿರುವುದು. ಒಳಬಾಗಿಲು ಫೋಲ್ಡರಿನದೇ ಅನುಮತಿ, `Security` ಎಂಬ ಪುಟದಲ್ಲಿರುವುದು. ನೆಟ್‌ವರ್ಕಿನಿಂದ ಬರುವವರು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೊರಗೆ ಪೂರ್ಣ ಹಕ್ಕು, ಒಳಗೆ ಓದಲು ಮಾತ್ರ ಎಂದಿದ್ದರೆ ನಿಮಗೆ ಸಿಗುವುದು ಓದಲು ಮಾತ್ರ. ಇದು ಸರಿಯಾದ ಜೋಡಣೆ. ಒಳಗೆ ಪೂರ್ಣ ಹಕ್ಕು ಬಿಟ್ಟು ಹೊರಗೆ ಮಾತ್ರ ಓದಲು ಎಂದು ಇಟ್ಟರೂ ಸ್ಟಾಫ್ ರೂಮಿನಿಂದ ನೋಡುವಾಗ ಫಲ ಒಂದೇ. ಆದರೆ ಸರ್ವರ್ ಕಂಪ್ಯೂಟರಿನ ಮುಂದೆಯೇ ಹೋಗಿ ಕುಳಿತವರಿಗೆ ಹೊರಬಾಗಿಲು ಇರುವುದೇ ಇಲ್ಲ. ಅವರು ನೇರವಾಗಿ ಒಳಗಿದ್ದಾರೆ. ಲ್ಯಾಬಿನ ಮೂಲೆಯ ಕಂಪ್ಯೂಟರೇ ಸರ್ವರ್ ಆಗಿದ್ದು, ಜಾಗ ಸಾಲದಾದಾಗ ಹುಡುಗರನ್ನು ಅಲ್ಲಿಯೂ ಕೂರಿಸುವ ಶಾಲೆಗಳಲ್ಲಿ ಈ ವ್ಯತ್ಯಾಸ ದೊಡ್ಡದು.

ಒಳಬಾಗಿಲಿನ ಕೆಲಸ ನಾನು ಮಾಡುವುದಾದರೆ ಮೂರು ಸಾಲಿನದು. ಓದುವವರ ಒಂದು ಗುಂಪು ಮಾಡುತ್ತೇನೆ, ಅದಕ್ಕೆ ನಿಮ್ಮ ಹೆಸರನ್ನು ಸೇರಿಸುತ್ತೇನೆ, ಗುಂಪಿಗೆ ಓದುವ ಹಕ್ಕು ಕೊಡುತ್ತೇನೆ:

```
net localgroup Vijnana_Odu /add
net localgroup Vijnana_Odu vij_teacher1 /add
icacls D:\Lab\Vijnana /grant "Vijnana_Odu:(OI)(CI)RX"
```

ನೇರವಾಗಿ ನಿಮ್ಮ ಹೆಸರಿಗೆ ಕೊಡದೆ ಗುಂಪು ಏಕೆ ಎಂದರೆ, ಮಾರ್ಚ್ 31ರಂದು ಗುಂಪಿನಿಂದ ಒಂದು ಹೆಸರು ತೆಗೆದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ವರ್ಷಗಳ ಹಿಂದೆ ಶಾಲೆ ಬಿಟ್ಟುಹೋದ ಶಿಕ್ಷಕರ ಹೆಸರುಗಳೆಲ್ಲ ಫೋಲ್ಡರ್ ಫೋಲ್ಡರಿನಲ್ಲೂ ನೇತಾಡುತ್ತಿರುತ್ತವೆ, ಹಳೆಯ ಮನೆಯ ಗೋಡೆಯ ಮೊಳೆಗಳ ಹಾಗೆ. ಕೊನೆಯ ಸಾಲಿನ `RX` ಎಂದರೆ ತೆರೆದು ಓದುವ ಹಕ್ಕು. ಅದರ ಹಿಂದಿರುವ `(OI)(CI)` ಅವಸರದಲ್ಲಿ ಬಿಟ್ಟುಹೋಗುವಂಥದ್ದು. ಈ ಹಕ್ಕು ಒಳಗಿನ ಫೈಲುಗಳಿಗೂ ಒಳಫೋಲ್ಡರುಗಳಿಗೂ ಇಳಿಯಲಿ ಎನ್ನುವುದು ಅದರ ಅರ್ಥ. ಅದು ಇಲ್ಲದಿದ್ದರೆ ನಿಮಗೆ ಕಾಣುವ ಲಕ್ಷಣ ವಿಚಿತ್ರ: ಫೋಲ್ಡರ್ ತೆರೆಯುತ್ತದೆ, ಫೈಲುಗಳ ಹೆಸರುಗಳೆಲ್ಲ ಸಾಲಾಗಿ ಕಾಣುತ್ತವೆ, ಯಾವುದನ್ನು ಒತ್ತಿದರೂ ಅನುಮತಿ ಇಲ್ಲ ಎನ್ನುತ್ತದೆ. ಹಾಗಾದರೆ ಅಷ್ಟನ್ನೇ ಬರೆದು ತಿಳಿಸಿ. ಗೊತ್ತಿದ್ದವನು ಓದಿದ ಕೂಡಲೇ ತಲೆ ಚಚ್ಚಿಕೊಳ್ಳುತ್ತಾನೆ.

ಇದಕ್ಕಿಂತ ಹೆಚ್ಚಾಗಿ ನಾನು ಕಂಡ ತಪ್ಪು ಇನ್ನೊಂದು. ಹಕ್ಕುಗಳು ಕೂಡುತ್ತವೆ, ಕಳೆಯುವುದಿಲ್ಲ. ನಿಮ್ಮ ಹೆಸರು ಮೊದಲೇ "ಶಿಕ್ಷಕರು" ಎಂಬ ಗುಂಪಿನಲ್ಲಿದ್ದು, ಆ ಗುಂಪಿಗೆ ಬದಲಿಸುವ ಹಕ್ಕು, ಅಂದರೆ `Modify`, ಇದ್ದರೆ ಹೊಸದಾಗಿ ಓದುವ ಹಕ್ಕು ಸೇರಿಸುವುದರಿಂದ ಏನೂ ಕಡಿಮೆಯಾಗುವುದಿಲ್ಲ. ಓದು ಮತ್ತು ಬದಲಾವಣೆ ಎರಡೂ ನಿಮ್ಮ ಬಳಿ ಇರುತ್ತವೆ. "ಓದಲು ಮಾತ್ರ" ಎಂಬುದರಲ್ಲಿ "ಓದಲು" ಎಂಬುದನ್ನು ಕೊಟ್ಟು "ಮಾತ್ರ" ಎಂಬುದನ್ನು ಮರೆತ ಹಾಗೆ. ಅದಕ್ಕೇ ಸಂದೇಶದಲ್ಲಿ "ಬದಲಿಸುವ, ಹೊಸದಾಗಿ ಉಳಿಸುವ, ಅಳಿಸುವ ಹಕ್ಕು ಬೇಡ" ಎಂದು ಪ್ರತ್ಯೇಕವಾಗಿ ಬರೆದದ್ದು. ಆ ಸಾಲನ್ನು ಓದಿದವನು ಬೇರೆ ಗುಂಪುಗಳನ್ನೂ ಒಮ್ಮೆ ನೋಡುತ್ತಾನೆ. ಆ ಫೋಲ್ಡರಿನ `Security` ಪುಟದಿಂದ `Advanced` ಒತ್ತಿ, `Effective Access` ಎಂಬಲ್ಲಿ ನಿಮ್ಮ ಹೆಸರು ಕೊಟ್ಟರೆ ಎಲ್ಲ ಗುಂಪುಗಳ ಲೆಕ್ಕವನ್ನೂ ಕೂಡಿಸಿ ಕೊನೆಗೆ ಉಳಿಯುವ ಹಕ್ಕು ಎಷ್ಟೆಂದು ಅದೇ ತೋರಿಸುತ್ತದೆ.

ಇನ್ನೊಂದು ಪೂರ್ತಿ ದಾರಿ ತಪ್ಪಿಸುವಂಥದ್ದಿದೆ. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ `Properties` ತೆರೆದರೆ ಕೆಳಗೆ `Read-only` ಎಂಬ ಚೌಕ ಕಾಣುತ್ತದೆ. ಹೆಸರು ನೋಡಿ ಇದೇ ಅದು ಎಂದುಕೊಂಡು ಟಿಕ್ ಹಾಕಿ "ಆಗಿದೆ" ಎಂದವರನ್ನು ನಾನು ಕಂಡಿದ್ದೇನೆ. ಅದಕ್ಕೂ ಅನುಮತಿಗೂ ಸಂಬಂಧವಿಲ್ಲ. ಅದು ಯಾರನ್ನೂ ತಡೆಯುವುದಿಲ್ಲ, ಬರೆಯುವ ಹಕ್ಕಿರುವ ಯಾರಾದರೂ ಆ ಟಿಕ್ಕನ್ನು ತೆಗೆಯಬಹುದು. ಫೋಲ್ಡರಿನ ವಿಷಯದಲ್ಲಂತೂ ವಿಂಡೋಸ್ ಆ ಗುರುತನ್ನು ವಿಶೇಷ ಚಿಹ್ನೆ, ನೋಟಗಳಿರುವ ಫೋಲ್ಡರುಗಳನ್ನು ಗುರುತಿಸಲು ಬಳಸುತ್ತದೆಯೇ ಹೊರತು ಒಳಗೆ ಬರೆಯುವುದನ್ನು ತಡೆಯಲು ಅಲ್ಲ.

ಅಂಕಪಟ್ಟಿಯ ಫೋಲ್ಡರ್ ಬೇಡ ಎಂದು ಬರೆಸಿದ್ದಕ್ಕೂ ಇದೇ ಹಿನ್ನೆಲೆ. ಹಕ್ಕು ಮೇಲಿನಿಂದ ಕೆಳಗೆ ತಾನಾಗಿಯೇ ಇಳಿಯುವುದರಿಂದ `Vijnana`ಗೆ ಕೊಟ್ಟದ್ದು ಒಳಗಿನ `Anka`ಗೂ ಹೋಗುತ್ತದೆ. ಈಗ `student` ಹೆಸರಿಗೂ ಫೋಲ್ಡರ್ ತೆರೆದಿದ್ದರೆ ಮಕ್ಕಳೆಲ್ಲರ ಅಂಕಗಳು ಮಕ್ಕಳೆಲ್ಲರ ಮುಂದಿವೆ ಎಂದಾಯಿತು. ಸರಿಯಾದ ಉಪಾಯ ಅಂಕಪಟ್ಟಿಯನ್ನು ಆ ಫೋಲ್ಡರಿನಿಂದ ಹೊರಗೆ, ಬೇರೆಯದೇ ಹಂಚಿಕೆಯಲ್ಲಿ ಇಡುವುದು. ಅದನ್ನು ಎಳೆದು ಬೇರೆ ಕಡೆ ಹಾಕಿದರೆ ಮುಗಿಯಿತು ಎಂದುಕೊಳ್ಳಬಾರದು. ಒಂದೇ ಡ್ರೈವಿನೊಳಗೆ ಸರಿಸಿದ ಫೋಲ್ಡರ್ ತನ್ನ ಹಳೆಯ ಅನುಮತಿಗಳನ್ನು ಜೊತೆಗೇ ಕೊಂಡೊಯ್ಯಬಹುದು. ಪ್ರತಿ ಮಾಡಿದರೆ ಮಾತ್ರ ಹೊಸ ಜಾಗದ ಅನುಮತಿ ಹಿಡಿಯುತ್ತದೆ. ಆದ್ದರಿಂದ ಸರಿಸಿದ ಮೇಲೆ `student` ಹೆಸರಿನಲ್ಲಿ ಅದು ತೆರೆಯುತ್ತದೆಯೇ ಎಂದು ಲ್ಯಾಬಿನಿಂದಲೇ ನೋಡಿಬಿಡಿ.

ಓದಲು ಮಾತ್ರ ಕೇಳುವ ನಿಮ್ಮ ಹೆದರಿಕೆ ಅತಿಯಾಯಿತು ಎಂದು ಯಾರಾದರೂ ನಕ್ಕರೆ, ನಾನು ಹಿಂದೆ ನೋಡಿಕೊಳ್ಳುತ್ತಿದ್ದ ಒಂದು ಶಾಲೆಯ ಕಥೆ ಹೇಳಿ. ಅಲ್ಲಿ ಓಮ್‌ನ ನಿಯಮದ ಪ್ರಯೋಗದ ಹಳೆಯ ಅಳತೆಗಳ ಒಂದು ಎಕ್ಸೆಲ್ ಫೈಲ್ ಇತ್ತು. ಒಂದು ತಂಡದ ಮೂರು ಸಾಲು ಸುಮಾರು ಹೀಗಿತ್ತು: 1 ವೋಲ್ಟಿಗೆ 0.20 ಆಂಪಿಯರ್, 2ಕ್ಕೆ 0.41, 3ಕ್ಕೆ 0.59. ಭಾಗಿಸಿದರೆ ಮೂರರಲ್ಲೂ ರೋಧ 5 ಓಮ್‌ನ ಆಸುಪಾಸು ಬರುತ್ತದೆ, ಪಾಠಕ್ಕೆ ಹೇಳಿ ಮಾಡಿಸಿದ ಹಾಗೆ. ಯಾರೋ ಒಬ್ಬರು ವಿದ್ಯುತ್‌ಪ್ರವಾಹದ ಕಾಲಂ ಒಂದನ್ನೇ ಹಿಡಿದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರು. ಪಕ್ಕದ ಕಾಲಮ್ಮನ್ನೂ ಸೇರಿಸಿಕೊಳ್ಳಲೇ ಎಂದು ಎಕ್ಸೆಲ್ ಕೇಳುತ್ತದೆ. ಕೇಳಿದ್ದನ್ನು ಓದದೆ ಬೇಡ ಎಂದು ಒತ್ತಿದರು, ಉಳಿಸಿದರು. 1 ವೋಲ್ಟಿನ ಎದುರು 0.59 ಬಂದು ಕೂತಿತು, 3ರ ಎದುರು 0.20. ರೋಧ ಒಂದು ಕಡೆ 1.7, ಇನ್ನೊಂದು ಕಡೆ 15. ಮರುದಿನ ಪ್ರೊಜೆಕ್ಟರಿನಲ್ಲಿ ಅದನ್ನು ತೋರಿಸಿದ ಮೇಷ್ಟ್ರು ಅರ್ಧ ಅವಧಿ ರೋಧಕವನ್ನೇ ಬೈದರು.

ಅಳಿಸಿದ್ದಾದರೆ ಇನ್ನೂ ಕಷ್ಟ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಅಳಿಸಿದ ಫೈಲ್ ಕಸದಬುಟ್ಟಿಗೆ ಹೋಗಿ ಬಿದ್ದಿರುತ್ತದೆ. ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ, ನೇರವಾಗಿ ಹೊರಟುಹೋಗುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. "ಫೋಲ್ಡರೇ ಮಾಯವಾಗಿದೆ" ಎಂಬ ದೂರು ಬಂದಾಗ ಮಾತ್ರ ನಾನು ಮೊದಲು ಪಕ್ಕದ ಫೋಲ್ಡರುಗಳೊಳಗೆ ಹುಡುಕುತ್ತೇನೆ. ಎರಡು ಸಲ ಒತ್ತುವಾಗ ಮೌಸ್ ಸ್ವಲ್ಪ ಜಾರಿ ಒಂದು ಫೋಲ್ಡರ್ ಇನ್ನೊಂದರ ಹೊಟ್ಟೆಯೊಳಗೆ ಹೋಗಿ ಕುಳಿತಿರುವುದೇ ಹೆಚ್ಚು. ಓದುವ ಹಕ್ಕು ಮಾತ್ರ ಇದ್ದವರ ಕೈಯಿಂದ ಇದಾವುದೂ ಆಗದು.

ಹಾಗೆಂದು ಆ ಹಕ್ಕಿನ ಮಿತಿಯೂ ಗೊತ್ತಿರಲಿ. ಓದಬಲ್ಲವರು ಪ್ರತಿ ಮಾಡಿಕೊಳ್ಳಬಲ್ಲರು. ಮೂಲವನ್ನು ಅದು ಕಾಪಾಡುತ್ತದೆ, ಗುಟ್ಟನ್ನು ಕಾಪಾಡುವುದಿಲ್ಲ. ನಿಮಗೆ ಇದು ಅನುಕೂಲವೇ: ಪ್ರಯೋಗದ ಸೂಚನೆಯಲ್ಲಿ ನಿಮ್ಮ ತರಗತಿಗೆ ಬೇಕಾದ ಬದಲಾವಣೆ ಮಾಡಬೇಕಿದ್ದರೆ ನಿಮ್ಮ ಕಂಪ್ಯೂಟರಿಗೆ ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದಿ.

"ಆಗಿದೆ ಮೇಡಂ" ಎಂಬ ಉತ್ತರ ಬಂದ ಮೇಲೆ ನೀವು ಮಾಡಬೇಕಾದ ಪರೀಕ್ಷೆ ಇದೆ. ಮೊದಲು ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಲಾಗ್‌ಆಫ್ ಆಗಿ ಮತ್ತೆ ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ. ನೀವು ಯಾವ ಯಾವ ಗುಂಪಿನಲ್ಲಿದ್ದೀರಿ ಎಂಬ ಲೆಕ್ಕ ಲಾಗಿನ್ ಆಗುವ ಹೊತ್ತಿಗೇ ನಿಗದಿಯಾಗುತ್ತದೆ; ಬೆಳಿಗ್ಗೆ ಲಾಗಿನ್ ಆದವರಿಗೆ ಮಧ್ಯಾಹ್ನ ಸೇರಿಸಿದ ಗುಂಪು ತಿಳಿಯುವುದಿಲ್ಲ. ಕೆಲಸ ಸರಿಯಾಗಿ ಮಾಡಿದ್ದರೂ "ಇನ್ನೂ ಆಗಿಲ್ಲ ಸರ್" ಎಂದು ಇಬ್ಬರೂ ಜಗಳವಾಡುವುದು ಇಲ್ಲಿಯೇ.

ನಂತರ ಯಾವುದಾದರೊಂದು ವರ್ಡ್ ಫೈಲ್ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ಹೆಸರಿನ ಪಕ್ಕ `Read-Only` ಎಂದು ಕಾಣಬೇಕು. ಆದರೆ ಅದೊಂದನ್ನೇ ನಂಬಬೇಡಿ, ಬೇರೆ ಯಾರಾದರೂ ಅದೇ ಫೈಲ್ ತೆರೆದು ಕುಳಿತಿದ್ದರೂ ಹಾಗೆಯೇ ಬರುತ್ತದೆ. ಆ ಸ್ಥಿತಿಯಲ್ಲಿ ಟೈಪ್ ಮಾಡುವುದಕ್ಕೂ ವರ್ಡ್ ಬಿಡುತ್ತದೆ, ಉಳಿಸಲು ಹೋದಾಗ ಮಾತ್ರ ಬೇರೆ ಹೆಸರು ಅಥವಾ ಬೇರೆ ಜಾಗ ಕೇಳುತ್ತದೆ. ಅಕ್ಷರಗಳು ಮೂಡಿದವು ಎಂದು ಗಾಬರಿಯಾಗಬೇಕಿಲ್ಲ.

ನಿಜವಾದ ಪರೀಕ್ಷೆ ಬರೆಯಲು ಪ್ರಯತ್ನಿಸುವುದೇ. ಫೋಲ್ಡರಿನ ಖಾಲಿ ಜಾಗದಲ್ಲಿ ಹೊಸ ಫೋಲ್ಡರ್ ಮಾಡಲು ನೋಡಿ. `Destination Folder Access Denied` ಎಂದು ಬಂದರೆ ಒಂದು ಪರೀಕ್ಷೆ ಮುಗಿಯಿತು. ಆಮೇಲೆ ಅವರು ಇಟ್ಟಿರುವ `test.txt` ಅನ್ನು ಅಳಿಸಲು ನೋಡಿ. ಹೊಸದನ್ನು ಮಾಡುವ ಹಕ್ಕು ಮತ್ತು ಇರುವುದನ್ನು ಅಳಿಸುವ ಹಕ್ಕು ಬೇರೆ ಬೇರೆ, ಒಂದಿಲ್ಲ ಎಂದರೆ ಇನ್ನೊಂದೂ ಇಲ್ಲ ಎಂದಲ್ಲ. ಪರೀಕ್ಷೆಗೆಂದು ಯಾರದೋ ನಿಜವಾದ ಫೈಲನ್ನು ಮಾತ್ರ ಅಳಿಸಲು ಹೋಗಬೇಡಿ. ಹಕ್ಕು ತಪ್ಪಿ ಉಳಿದಿದ್ದರೆ ಅದು ಹೋಗಿಯೇಬಿಡುತ್ತದೆ. ಒಳಗಿನ ಒಂದೆರಡು ಒಳಫೋಲ್ಡರುಗಳಲ್ಲೂ ಹೊಸ ಫೋಲ್ಡರ್ ಮಾಡುವ ಇದೇ ಪ್ರಯತ್ನ ಮಾಡಿ ನೋಡಿ. ಹಳೆಯ ಒಳಫೋಲ್ಡರಿಗೆ ಎಂದೋ ಯಾರೋ ಪ್ರತ್ಯೇಕ ಅನುಮತಿ ಹಾಕಿಟ್ಟಿದ್ದರೆ ಮೇಲಿನ ಬದಲಾವಣೆಯಿಂದ ಅದು ಹೋಗಿರುವುದಿಲ್ಲ.

ಒಂದು ದಿನ ನಿಮಗೆ ಲ್ಯಾಬಿನ ಕಂಪ್ಯೂಟರಿನಿಂದಲೇ ಫೋಲ್ಡರ್ ತೆರೆಯಬೇಕಾಗುತ್ತದೆ, ಪ್ರೊಜೆಕ್ಟರ್ ಇರುವುದು ಅಲ್ಲೇ ಅಲ್ಲವೇ? `student` ಎಂದು ಲಾಗಿನ್ ಆಗಿರುವಲ್ಲಿಯೇ ಸರ್ವರ್‌ಗೆ ನಿಮ್ಮ ಹೆಸರು ಕೊಟ್ಟು ತೆರೆಯಲು ಹೋದರೆ ಅದು 1219 ಎಂಬ ಸಂಖ್ಯೆಯ ತಪ್ಪನ್ನು ತೋರಿಸಬಹುದು: "Multiple connections to a server or shared resource by the same user, using more than one user name, are not allowed." ಆ ಕಂಪ್ಯೂಟರ್ ಮಕ್ಕಳ ಹೆಸರಿನಲ್ಲಿ ಮೊದಲೇ ಸರ್ವರ್ ಜೊತೆ ಮಾತಿಗೆ ಕುಳಿತಿದೆ; ಅದೇ ಬಾಯಲ್ಲಿ ಇನ್ನೊಂದು ಹೆಸರು ಹೇಳಲು ವಿಂಡೋಸ್ ಬಿಡುವುದಿಲ್ಲ. ಇದು ಅನುಮತಿಯ ತೊಂದರೆ ಅಲ್ಲ, ದೂರು ಬರೆಯುವ ಅಗತ್ಯವೂ ಇಲ್ಲ. `student`ನಿಂದ ಲಾಗ್‌ಆಫ್ ಆಗಿ ನಿಮ್ಮ ಹೆಸರಿನಲ್ಲಿ ಲಾಗಿನ್ ಆದರೆ ಸರಿಹೋಗುತ್ತದೆ. ಲ್ಯಾಬಿನ ಕಂಪ್ಯೂಟರುಗಳಲ್ಲಿ ನಿಮಗೆ ಹೆಸರೇ ಇಲ್ಲದಿದ್ದರೆ ಅದನ್ನು ಮಾಡಿಕೊಡಬೇಕೆಂದು ಮೇಲಿನ ಸಂದೇಶಕ್ಕೆ ಒಂದು ಸಾಲು ಸೇರಿಸಿ. ಪಾಸ್‌ವರ್ಡ್ ಕೇಳುವ ಕಿಟಕಿಯಲ್ಲಿ `Remember my credentials` ಎಂಬ ಚೌಕಕ್ಕೆ ಲ್ಯಾಬಿನಲ್ಲಿ ಎಂದೂ ಟಿಕ್ ಹಾಕಬೇಡಿ. ಹಾಕಿದರೆ ಮುಂದಿನ ಅವಧಿಯಲ್ಲಿ ಅಲ್ಲಿ ಕೂರುವ ಹುಡುಗ ಸರ್ವರ್‌ಗೆ ನೀವಾಗಿಯೇ ಕಾಣುತ್ತಾನೆ. ಈಗಾಗಲೇ ಹಾಕಿದ್ದರೆ `cmdkey /list` ಪಟ್ಟಿಯಲ್ಲಿ ನಿಮ್ಮ ಹೆಸರು ಕಾಣುತ್ತದೆ, ಅದನ್ನು ಹೀಗೆ ತೆಗೆಯಿರಿ:

```
cmdkey /delete:LABSRV
```

ನಿಮ್ಮ ಶಾಲೆಯ ಫೋಲ್ಡರ್ ಸರ್ವರ್‌ನಲ್ಲಿ ಇಲ್ಲದೆ ಗೂಗಲ್ ಡ್ರೈವಿನಲ್ಲಿ ಇದ್ದರೆ ಕೆಲಸ ಇದಕ್ಕಿಂತ ಹಗುರ. ಫೋಲ್ಡರಿನ ಕೊಂಡಿಯನ್ನೂ ನಿಮ್ಮ ಶಾಲೆಯ ಇಮೇಲ್ ವಿಳಾಸವನ್ನೂ ಬರೆದು "`Viewer` ಆಗಿ ಸೇರಿಸಿ" ಎಂದರೆ ಸಾಕು. ಕೊಂಡಿ ಇರುವ ಎಲ್ಲರಿಗೂ ತೆರೆಯುವ ಆಯ್ಕೆ ಬೇಡ ಎಂದೂ ಬರೆಯಿರಿ. ವಾಟ್ಸಾಪ್ ಗುಂಪಿಗೆ ಬಿದ್ದ ಕೊಂಡಿ ಎಲ್ಲೆಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ಪರೀಕ್ಷೆ ಮುಗಿದ ಮೇಲೆ ಅದೇ ಸಂದೇಶಕ್ಕೆ ಉತ್ತರವಾಗಿ ಎರಡು ಸಾಲು ಕಳುಹಿಸಿ: "ಸ್ಟಾಫ್ ರೂಮಿನಿಂದ ಫೈಲುಗಳು ತೆರೆಯುತ್ತಿವೆ. ಹೊಸ ಫೋಲ್ಡರ್ ಮಾಡಲು, `test.txt` ಅಳಿಸಲು ಆಗಲಿಲ್ಲ, ಸರಿಯಿದೆ ಸರ್. ಲ್ಯಾಬಿನ `student` ಹೆಸರಿನಲ್ಲಿ ಇನ್ನೂ ಬರೆಯಲು ಬರುತ್ತಿದೆ, ಅದೊಂದು ಬಾಕಿ." "ಅಳಿಸಲು ಆಗಲಿಲ್ಲ, ಸರಿಯಿದೆ" ಎಂಬ ಸಂದೇಶ ಬರುವುದು ನಮ್ಮ ವೃತ್ತಿಯಲ್ಲಿ ಅಪರೂಪ. ಬಂದರೆ ಬಾಕಿ ಉಳಿದದ್ದನ್ನೂ ಅಂದೇ ಮುಗಿಸುತ್ತಾರೆ.